20 ದಿನಗಳ ನಂತರ ಉಳಿಯುವುದು 7.5 ಮಿಲಿಗ್ರಾಂ ಏಕೆ ಅಲ್ಲ? ಅರ್ಧಾಯು ಮತ್ತು ಕ್ಷಯ ಸ್ಥಿರಾಂಕದ ಒಂದು ಲೆಕ್ಕ

ಓದುತ್ತಿರುವವಳು

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ಲೆಕ್ಕದಲ್ಲಿ ಎರಡು ದಿನಗಳಿಂದ ಸಿಕ್ಕಿಕೊಂಡಿದ್ದೇನೆ. ಲೆಕ್ಕ ಹೀಗಿದೆ: ಅಯೋಡಿನ್-131ರ ಅರ್ಧಾಯು 8 ದಿನಗಳು. ಆರಂಭದಲ್ಲಿ 40 ಮಿಲಿಗ್ರಾಂ ಇದ್ದರೆ 20 ದಿನಗಳ ನಂತರ ಎಷ್ಟು ಉಳಿಯುತ್ತದೆ, ಮತ್ತು ಅದರ ಕ್ಷಯ ಸ್ಥಿರಾಂಕ ಎಷ್ಟು?

ನಾನು ಮಾಡಿದ್ದು ಇಷ್ಟು. ಮೊದಲ 8 ದಿನಗಳಲ್ಲಿ 40 ಇದ್ದದ್ದು 20 ಆಗುತ್ತದೆ, 16ನೆಯ ದಿನಕ್ಕೆ 10 ಆಗುತ್ತದೆ. ಇನ್ನು ಉಳಿದಿರುವುದು 4 ದಿನಗಳು, ಅಂದರೆ ಅರ್ಧಾಯುವಿನ ಅರ್ಧ. ಪೂರ್ತಿ 8 ದಿನ ಕಳೆದಿದ್ದರೆ 10ರಲ್ಲಿ 5 ಹೋಗುತ್ತಿತ್ತು, ಆದ್ದರಿಂದ 4 ದಿನಗಳಲ್ಲಿ 2.5 ಹೋಗಿ 7.5 ಮಿಲಿಗ್ರಾಂ ಉಳಿಯಬೇಕು ಎಂದು ಬರೆದೆ. ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಉತ್ತರ 7.07. ಇದು ಅಚ್ಚಿನ ತಪ್ಪಿರಬಹುದೇ ಎಂದು ಮೊದಲು ಅನ್ನಿಸಿತು, ಆದರೆ ಮುಂದಿನ ಲೆಕ್ಕದಲ್ಲೂ ನನ್ನ ಉತ್ತರ ಇದೇ ರೀತಿ ಸ್ವಲ್ಪ ಹೆಚ್ಚಾಗಿಯೇ ಬಂದಿತು.

ಎರಡನೆಯ ಗೊಂದಲ ಕ್ಷಯ ಸ್ಥಿರಾಂಕದ್ದು. 0.693ನ್ನು 8ರಿಂದ ಭಾಗಿಸಿದಾಗ 0.0866 ಬಂದಿತು. ಪುಸ್ತಕದಲ್ಲಿ ಮಾತ್ರ ಸೆಕೆಂಡಿಗೆ 1.0 × 10^-6 ಎಂದಿದೆ. ಆ ಸಂಖ್ಯೆಯನ್ನೇ ಸೂತ್ರದಲ್ಲಿಟ್ಟು, ಕಾಲ 20 ಎಂದು ಹಾಕಿ ನೋಡಿದಾಗ 39.999 ಮಿಲಿಗ್ರಾಂ ಬಂದಿತು. ನಾನು ಎಲ್ಲಿ ಎಡವುತ್ತಿದ್ದೇನೆ ಎಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಸಂಖ್ಯಾಪ್ರಿಯ

ಮೊದಲು ಎರಡನೆಯ ಗೊಂದಲವನ್ನು ತೆಗೆದುಕೊಳ್ಳುತ್ತೇನೆ. ಸ್ಥಿರಾಂಕ ಸೆಕೆಂಡಿನ ಲೆಕ್ಕದಲ್ಲಿದ್ದರೆ ಕಾಲವನ್ನೂ ಸೆಕೆಂಡಿನಲ್ಲೇ ಇಡಬೇಕು. 20 ದಿನಗಳೆಂದರೆ 17,28,000 ಸೆಕೆಂಡುಗಳು. ನೀವು 20 ಎಂದು ಹಾಕಿದ್ದರಿಂದ, ಕೇವಲ 20 ಸೆಕೆಂಡುಗಳಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಕಂಡುಹಿಡಿದಂತಾಯಿತು. ಅಷ್ಟರಲ್ಲಿ ಏನೂ ಹೋಗಿರುವುದಿಲ್ಲವಾದ್ದರಿಂದ 39.999 ಬಂದದ್ದು ಸರಿಯೇ.

ಈಗ ಮೊದಲನೆಯದು. 0.0866 ಎಂದರೆ ಪ್ರತಿ ದಿನ ಶೇಕಡಾ 8.66ರಷ್ಟು ಕ್ಷಯಿಸುತ್ತದೆ ಎಂದು ಅರ್ಥ. ಹಾಗಾಗಿ ಪ್ರತಿ ದಿನದ ಕೊನೆಗೆ ಇದ್ದದ್ದರ 0.9134 ಭಾಗ ಉಳಿಯುತ್ತದೆ. 40ನ್ನು 0.9134ರಿಂದ 20 ಬಾರಿ ಗುಣಿಸಿದರೆ ಉತ್ತರ ಸಿಗುತ್ತದೆ. ನೀವು ಮಾಡಿದ ತಪ್ಪೆಂದರೆ ಕೊನೆಯ 4 ದಿನಗಳಲ್ಲಿ ದಿನದಿನವೂ ಒಂದೇ ಪ್ರಮಾಣದ ದ್ರವ್ಯ ಹೋಗುತ್ತದೆ ಎಂದು ಭಾವಿಸಿದ್ದು. ನಿಜವಾಗಿ ಮೊದಲ ದಿನ ಹೆಚ್ಚು ಹೋಗುತ್ತದೆ, ನಂತರದ ದಿನಗಳಲ್ಲಿ ಕಡಿಮೆ ಹೋಗುತ್ತದೆ.

ಓದುತ್ತಿರುವವಳು

ಧನ್ಯವಾದಗಳು ಸರ್. ಸೆಕೆಂಡಿನ ವಿಷಯ ಈಗ ಸ್ಪಷ್ಟವಾಯಿತು. ಆದರೆ ನೀವು ಹೇಳಿದಂತೆ 0.9134ರಿಂದ 20 ಬಾರಿ ಗುಣಿಸಿ ನೋಡಿದೆ, ಬಂದದ್ದು 6.53. ನನ್ನ 7.5 ಉತ್ತರಕ್ಕಿಂತ ಹೆಚ್ಚಾಗಿತ್ತು, ಇದು ಉತ್ತರಕ್ಕಿಂತ ಕಡಿಮೆಯಾಗಿದೆ. 7.07 ಇನ್ನೂ ಬಂದಿಲ್ಲ.

ನಿವೃತ್ತ ಅಧ್ಯಾಪಕಿ

ಇಬ್ಬರ ದಾರಿಯಲ್ಲೂ ಒಂದೊಂದು ಸತ್ಯವಿದೆ, ಒಂದೊಂದು ತೊಡಕೂ ಇದೆ. ಸಾವಕಾಶವಾಗಿ ಬಿಡಿಸಿ ನೋಡೋಣ, ಏಕೆಂದರೆ ಈ 7.5 ಮತ್ತು 6.53 ಎಂಬ ಎರಡು ತಪ್ಪು ಉತ್ತರಗಳು ಹುಟ್ಟಿದ ಬಗೆಯನ್ನು ಅರಿತರೆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ.

ಮೊದಲು 7.5ನ್ನು ಪರೀಕ್ಷಿಸೋಣ. 4 ದಿನಗಳಲ್ಲಿ 10 ಮಿಲಿಗ್ರಾಂ 7.5 ಆಯಿತು ಎಂದರೆ, 4 ದಿನಗಳಲ್ಲಿ ನಾಲ್ಕನೆಯ ಮೂರು ಭಾಗ ಉಳಿಯುತ್ತದೆ ಎಂದು ಒಪ್ಪಿದಂತಾಯಿತು. ವಿಕಿರಣಶೀಲ ವಸ್ತುವಿಗೆ ತನ್ನ ವಯಸ್ಸಿನ ನೆನಪಿರುವುದಿಲ್ಲ. ನೂರು ದಿನ ಹಳೆಯದಾದ ಅಯೋಡಿನ್ ನ್ಯೂಕ್ಲಿಯಸ್ಸೂ ಈಗ ತಾನೇ ಹುಟ್ಟಿದ ನ್ಯೂಕ್ಲಿಯಸ್ಸೂ ಮುಂದಿನ 4 ದಿನಗಳಲ್ಲಿ ಕ್ಷಯಿಸುವ ಸಂಭವ ಒಂದೇ ಆಗಿರುತ್ತದೆ. ಆದ್ದರಿಂದ ಯಾವ 4 ದಿನಗಳನ್ನು ತೆಗೆದುಕೊಂಡರೂ ಅದೇ ಭಾಗ ಉಳಿಯಬೇಕು. ಹಾಗಾದರೆ ಎರಡು ಬಾರಿ 4 ದಿನ ಕಳೆದಾಗ, ಅಂದರೆ 8 ದಿನಗಳಲ್ಲಿ, ಮುಕ್ಕಾಲಿನ ಮುಕ್ಕಾಲು ಉಳಿಯಬೇಕು. ಅದು ಹದಿನಾರರಲ್ಲಿ ಒಂಬತ್ತು ಭಾಗ, ಅರ್ಧಕ್ಕಿಂತ ಹೆಚ್ಚು. ಆದರೆ 8 ದಿನಗಳಲ್ಲಿ ಸರಿಯಾಗಿ ಅರ್ಧ ಉಳಿಯುತ್ತದೆ ಎಂದು ಲೆಕ್ಕವೇ ಹೇಳಿದೆ. ಹೀಗಾಗಿ ಮುಕ್ಕಾಲು ಎಂಬುದು ಸಾಧ್ಯವಿಲ್ಲ.

ಸರಿಯಾದ ಭಾಗ ಯಾವುದು ಎಂಬುದೂ ಇದೇ ವಾದದಿಂದ ಸಿಗುತ್ತದೆ. 4 ದಿನಗಳಲ್ಲಿ ಉಳಿಯುವ ಭಾಗವನ್ನು ಅದರಿಂದಲೇ ಗುಣಿಸಿದರೆ ಅರ್ಧ ಬರಬೇಕು. ಅಂಥ ಸಂಖ್ಯೆ ಅರ್ಧದ ವರ್ಗಮೂಲ, ಅಂದರೆ 0.7071. 16ನೆಯ ದಿನ ಉಳಿದಿದ್ದ 10ನ್ನು ಇದರಿಂದ ಗುಣಿಸಿದರೆ 7.07. ಪುಸ್ತಕದಲ್ಲಿ ಅಚ್ಚಿನ ತಪ್ಪಿಲ್ಲ. ಎಷ್ಟು ಅರ್ಧಾಯುಗಳು ಕಳೆದಿವೆಯೋ ಅಷ್ಟನ್ನು 2ರ ಘಾತವಾಗಿ ಇಡುವುದು ಎಂದರೆ ಇಷ್ಟೇ:

```
N = N0 × 2^(-t/T)
N = 40 × 2^(-20/8) = 40 × 2^(-2.5) = 7.07
```

ಘಾತ ಪೂರ್ಣಾಂಕವಾಗಿರಬೇಕೆಂಬ ನಿರ್ಬಂಧವಿಲ್ಲ. 20ರ ಬದಲು 19 ದಿನ ಎಂದು ಕೇಳಿದರೆ ಘಾತ 2.375 ಆಗುತ್ತದೆ, ಗಣಕಯಂತ್ರ ಅದನ್ನೂ ಕೊಡುತ್ತದೆ. ಅಂದಾಜನ್ನು ಮಾತ್ರ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರಿ: 16ನೆಯ ದಿನ 10, 24ನೆಯ ದಿನ 5, ಆದ್ದರಿಂದ 20ನೆಯ ದಿನದ ಉತ್ತರ ಇವೆರಡರ ನಡುವೆ ಇರಲೇಬೇಕು. 39.999 ಬಂದ ಕ್ಷಣವೇ ಏನೋ ತಪ್ಪಿದೆ ಎಂದು ಇದರಿಂದ ಗೊತ್ತಾಗುತ್ತದೆ. ಇನ್ನೂ ಒಂದು ಗುರುತಿದೆ. ಕ್ಷಯದ ರೇಖೆ ಕೆಳಕ್ಕೆ ಬಾಗಿ ಜೋಲುವಂಥದ್ದು, ಆದ್ದರಿಂದ ಎರಡು ಬಿಂದುಗಳ ನಡುವೆ ನೇರಗೆರೆ ಎಳೆದು ಓದಿದ ಉತ್ತರ ಯಾವಾಗಲೂ ನಿಜಕ್ಕಿಂತ ಹೆಚ್ಚಾಗಿರುತ್ತದೆ. ನಿಮ್ಮ ಮುಂದಿನ ಲೆಕ್ಕದಲ್ಲೂ ಉತ್ತರ ಹೆಚ್ಚಾಗಿಯೇ ಬಂದದ್ದಕ್ಕೆ ಇದೇ ಕಾರಣ.

ಸಂಖ್ಯಾಪ್ರಿಯ ಅವರ 6.53ರ ಬಗ್ಗೆ ಸಂಜೆ ಬರೆಯುತ್ತೇನೆ. ಅದು ಇನ್ನೂ ಸೂಕ್ಷ್ಮವಾದ ವಿಷಯ.

ದೂರದ ಓದುಗ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಅಯೋಡಿನ್-131 ಎಂಬ ಹೆಸರನ್ನು ಕಂಡು ಓದಿದೆ. ನಮ್ಮ ತಂದೆಯವರಿಗೆ ಥೈರಾಯ್ಡ್ ಗ್ರಂಥಿಯನ್ನು ತೆಗೆದ ಮೇಲೆ ಇದೇ ಔಷಧವನ್ನು ಕೊಟ್ಟಿದ್ದರು. ಮೂರನೆಯ ದಿನ ಉಪಕರಣ ಹಿಡಿದು ಅಳೆದಾಗಲೇ ಮೊದಲಿಗಿಂತ ಅರ್ಧಕ್ಕೂ ಬಹಳ ಕಡಿಮೆಯಾಗಿದೆ ಎಂದು ಹೇಳಿ ಮನೆಗೆ ಕಳುಹಿಸಿದರು. ನೀವು ಇಲ್ಲಿ 8 ದಿನಗಳಿಗೆ ಅರ್ಧ ಎನ್ನುತ್ತಿದ್ದೀರಿ. ಹಾಗಾದರೆ ಈ ಸೂತ್ರ ಮನುಷ್ಯರಿಗೆ ಅನ್ವಯಿಸುವುದಿಲ್ಲವೇ, ಅಥವಾ ಅವರು ಅಳೆದದ್ದು ತಪ್ಪೇ? ಆಗ ಕೇಳಬೇಕೆಂದು ಹೊಳೆಯಲಿಲ್ಲ.

ನಿವೃತ್ತ ಅಧ್ಯಾಪಕಿ

ಮೂಲ ಪ್ರಶ್ನೆ ಮುಚ್ಚಿದ ಸೀಸೆಯಲ್ಲಿರುವ ಅಯೋಡಿನ್ನಿನದು, ನಿಮ್ಮದು ದೇಹದೊಳಗಿನದು. ಆದರೂ ನಿಮ್ಮ ಪ್ರಶ್ನೆಯನ್ನು ಬದಿಗಿಡಲು ಮನಸ್ಸಾಗುವುದಿಲ್ಲ, ಏಕೆಂದರೆ ಕ್ಷಯ ಸ್ಥಿರಾಂಕ ಎಂಬ ಇನ್ನೊಂದು ಸಂಖ್ಯೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ದೇಹದಿಂದ ಅಯೋಡಿನ್ ಕಡಿಮೆಯಾಗಲು ಎರಡು ದಾರಿಗಳಿವೆ. ನ್ಯೂಕ್ಲಿಯಸ್ಸು ತಾನಾಗಿ ಕ್ಷಯಿಸುವುದು ಒಂದು, ಮೂತ್ರದ ಮೂಲಕ ಹೊರಹೋಗುವುದು ಇನ್ನೊಂದು. ಎರಡೂ ಏಕಕಾಲದಲ್ಲಿ ನಡೆಯುವಾಗ ಅರ್ಧಾಯುಗಳನ್ನು ಕೂಡಿಸಲಾಗುವುದಿಲ್ಲ, ಸರಾಸರಿ ತೆಗೆಯಲೂ ಆಗುವುದಿಲ್ಲ. ಕೂಡುವುದು ಕ್ಷಯ ಸ್ಥಿರಾಂಕಗಳು ಮಾತ್ರ. ಗ್ರಂಥಿ ಇರುವವರಲ್ಲಿ ಅದು ಅಯೋಡಿನ್ನನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿಂದ ಹೊರಹೋಗುವುದಕ್ಕೆ 80 ದಿನಗಳ ಅರ್ಧಾಯು ಎಂದು ಇಟ್ಟುಕೊಂಡರೆ, ಆ ದಾರಿಯ ಸ್ಥಿರಾಂಕ ದಿನಕ್ಕೆ 0.0087 ಆಗುತ್ತದೆ. ಇದನ್ನು 0.0866ಕ್ಕೆ ಕೂಡಿಸಿದರೆ 0.0953, ಅದರಿಂದ ಬರುವ ಒಟ್ಟು ಅರ್ಧಾಯು ಸುಮಾರು 7.3 ದಿನಗಳು. ಎರಡು ದಾರಿಗಳಿರುವಾಗ ಒಟ್ಟು ಅರ್ಧಾಯು ಎರಡರಲ್ಲಿ ಚಿಕ್ಕದಕ್ಕಿಂತಲೂ ಚಿಕ್ಕದಾಗಿರುತ್ತದೆ ಎಂಬುದನ್ನು ಗಮನಿಸಿ.

ನಿಮ್ಮ ತಂದೆಯವರ ಗ್ರಂಥಿಯನ್ನು ತೆಗೆದಿದ್ದರಿಂದ ಹಿಡಿದಿಟ್ಟುಕೊಳ್ಳುವ ಅಂಗವೇ ಬಹುಮಟ್ಟಿಗೆ ಇರಲಿಲ್ಲ. ಹಾಗಾಗಿ ಹೆಚ್ಚಿನ ಅಯೋಡಿನ್ ಮೊದಲ ಎರಡು ಮೂರು ದಿನಗಳಲ್ಲೇ ಮೂತ್ರದಲ್ಲಿ ಹೊರಹೋಗುತ್ತದೆ. ಅವರು ಅಳೆದದ್ದು ತಪ್ಪಲ್ಲ. ಆದರೆ ಹೊರಹೋದ ಅಯೋಡಿನ್ನಿಗೆ 8 ದಿನಗಳ ಅರ್ಧಾಯು ಹಾಗೆಯೇ ಇರುತ್ತದೆ, ಅದು ಇರುವ ಜಾಗ ಮಾತ್ರ ಬದಲಾಗಿರುತ್ತದೆ. ದೇಹದೊಳಗಿನ ಇಳಿಕೆಯನ್ನು ಒಂದೇ ಸ್ಥಿರಾಂಕದಿಂದ ಪೂರ್ತಿಯಾಗಿ ವಿವರಿಸಲು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ರಕ್ತದಲ್ಲಿರುವ ಅಂಶ ಬೇಗ ಹೋಗುತ್ತದೆ, ಉಳಿದ ಅಂಗಾಂಶ ಹಿಡಿದುಕೊಂಡ ಅಂಶ ನಿಧಾನವಾಗಿ ಹೋಗುತ್ತದೆ, ಮತ್ತು ಒಬ್ಬರಿಂದೊಬ್ಬರಿಗೆ ಅದು ಬೇರೆಯಾಗಿರುತ್ತದೆ. ಆದ್ದರಿಂದಲೇ ಆಸ್ಪತ್ರೆಯಲ್ಲಿ ಲೆಕ್ಕವನ್ನು ನಂಬಿ ಕೂರದೆ ಅಳೆದು ನೋಡುತ್ತಾರೆ.

ದೂರದ ಓದುಗ

ತುಂಬಾ ಉಪಕಾರವಾಯಿತು ಮೇಡಂ. ಇಷ್ಟು ದಿನ ಆ ಸಂದೇಹ ಮನಸ್ಸಿನಲ್ಲೇ ಇತ್ತು.

ಸಂಖ್ಯಾಪ್ರಿಯ

ನನ್ನ 6.53 ಏಕೆ ತಪ್ಪು ಎಂಬುದಕ್ಕೆ ಕಾಯುತ್ತಿದ್ದೇನೆ. ದಿನಕ್ಕೆ 0.0866 ಎಂದರೆ ದಿನಕ್ಕೆ ಶೇಕಡಾ 8.66 ಅಲ್ಲವೆಂದರೆ ಆ ಸಂಖ್ಯೆಗೆ ಬೇರೆ ಯಾವ ಅರ್ಥವಿದೆ?

ನಿವೃತ್ತ ಅಧ್ಯಾಪಕಿ

ನಿಮ್ಮ ಸಂಖ್ಯೆಯನ್ನು 8 ದಿನಗಳಿಗೆ ಅನ್ವಯಿಸಿ ನೋಡಿ. 0.9134ರಿಂದ ಎಂಟು ಬಾರಿ ಗುಣಿಸಿದರೆ 0.484 ಬರುತ್ತದೆ, 0.5 ಬರುವುದಿಲ್ಲ. ಅಂದರೆ ನೀವು ಹೇಳಿದ ವೇಗದಲ್ಲಿ ಅಯೋಡಿನ್ನಿನ ಅರ್ಧಾಯು 8 ದಿನಗಳಿಗಿಂತ ಕಡಿಮೆಯಾಗಿಬಿಡುತ್ತದೆ. ನಿಜವಾಗಿ ಒಂದು ದಿನದಲ್ಲಿ ಉಳಿಯುವ ಭಾಗ 2^(-1/8), ಅಂದರೆ 0.917. ಹೋಗುವುದು ಶೇಕಡಾ 8.3, 8.66 ಅಲ್ಲ.

ವ್ಯತ್ಯಾಸ ಬರುವುದು ಹೀಗೆ. ಕ್ಷಯ ಸ್ಥಿರಾಂಕ ಈ ಕ್ಷಣದ ವೇಗವನ್ನು ಹೇಳುತ್ತದೆ: ಈಗ ಇರುವ ನ್ಯೂಕ್ಲಿಯಸ್ಸುಗಳ ಸಂಖ್ಯೆ ಹಾಗೆಯೇ ಇದ್ದಿದ್ದರೆ ದಿನವೊಂದಕ್ಕೆ ಅವುಗಳ 0.0866 ಭಾಗದಷ್ಟು ಕ್ಷಯಗಳು ನಡೆಯುತ್ತಿದ್ದವು. ಆದರೆ ಸಂಖ್ಯೆ ಹಾಗೆಯೇ ಇರುವುದಿಲ್ಲ. ಬೆಳಿಗ್ಗೆ ಕ್ಷಯಿಸಿದವು ಸಂಜೆ ಕ್ಷಯಿಸಲು ಉಳಿದಿರುವುದಿಲ್ಲ, ಆದ್ದರಿಂದ ಸಂಜೆಯ ವೇಗ ಬೆಳಗಿನದಕ್ಕಿಂತ ಕಡಿಮೆ. ನೀವು ಬೆಳಗಿನ ವೇಗವನ್ನೇ ಇಡೀ ದಿನಕ್ಕೆ ಹಿಡಿದದ್ದರಿಂದ ಪ್ರತಿ ದಿನವೂ ಸ್ವಲ್ಪ ಹೆಚ್ಚು ಕಳೆದಿರಿ, 20 ದಿನಗಳಲ್ಲಿ ಅದು ಕೂಡಿಕೊಂಡು 7.07ರ ಜಾಗದಲ್ಲಿ 6.53 ಆಯಿತು.

ಇದನ್ನು ನೀವೇ ಪರೀಕ್ಷಿಸಬಹುದು. ದಿನದ ಬದಲು ಗಂಟೆಯ ಹೆಜ್ಜೆಗಳನ್ನು ಇಡಿ. 0.0866ನ್ನು 24ರಿಂದ ಭಾಗಿಸಿದರೆ ಗಂಟೆಗೆ 0.00361. ಪ್ರತಿ ಗಂಟೆಗೆ ಅಷ್ಟು ಭಾಗವನ್ನು ಕಳೆಯುತ್ತ 480 ಗಂಟೆಗಳನ್ನು ದಾಟಿದರೆ 7.05 ಬರುತ್ತದೆ. ಹೆಜ್ಜೆಯನ್ನು ಇನ್ನೂ ಚಿಕ್ಕದು ಮಾಡಿದಷ್ಟೂ ಉತ್ತರ 7.07ಕ್ಕೆ ಹತ್ತಿರವಾಗುತ್ತದೆ. ಹೆಜ್ಜೆ ಕ್ಷಣದಷ್ಟು ಚಿಕ್ಕದಾದಾಗ ಉಳಿಯುವುದೇ ಘಾತೀಯ ಸೂತ್ರ. 0.693 ಎಂಬ ಸಂಖ್ಯೆ ಅಲ್ಲಿಂದ ಹುಟ್ಟಿದ್ದು, ಅದು 2ರ ನೈಸರ್ಗಿಕ ಲಘುಗಣಕ.

```
lambda = ln 2 / T = 0.693 / 8 = 0.0866 (ಪ್ರತಿ ದಿನಕ್ಕೆ)
N = 40 × e^(-0.0866 × 20) = 7.07
```

ಸಂಖ್ಯಾಪ್ರಿಯ ಅವರ ವಾದ ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ. ಕಾಲಾವಧಿ ಅರ್ಧಾಯುವಿಗೆ ಹೋಲಿಸಿದರೆ ತೀರ ಚಿಕ್ಕದಾಗಿದ್ದಾಗ ಅದು ಸಾಕಷ್ಟು ನಿಖರವಾಗಿರುತ್ತದೆ. ಸೆಕೆಂಡಿನ ಲೆಕ್ಕದಲ್ಲಿ ಅಯೋಡಿನ್-131ರ ಸ್ಥಿರಾಂಕ ಹತ್ತಿರ ಹತ್ತಿರ ಹತ್ತು ಲಕ್ಷದಲ್ಲಿ ಒಂದು. ಹತ್ತು ಲಕ್ಷ ನ್ಯೂಕ್ಲಿಯಸ್ಸುಗಳಿದ್ದರೆ ಸೆಕೆಂಡಿಗೆ ಸರಾಸರಿ ಒಂದು ಕ್ಷಯಿಸುತ್ತದೆ ಎಂದು ಯಾವ ಅಳುಕೂ ಇಲ್ಲದೆ ಹೇಳಬಹುದು. ಈ ಅಯೋಡಿನ್ನಿನ ಮಟ್ಟಿಗೆ ಅದು ನೆನಪಿನಲ್ಲಿ ಉಳಿಯುವಷ್ಟು ಸುಂದರವಾದ ಸಂಖ್ಯೆ.

ಓದುತ್ತಿರುವವಳು

ಮೇಡಂ, ಈಗ ಎರಡೂ ತಪ್ಪುಗಳು ಒಂದೇ ಬಗೆಯವು ಎಂದು ಕಾಣುತ್ತಿದೆ. ನಾನು ಅರ್ಧಾಯುವಿನೊಳಗೆ ವೇಗ ಬದಲಾಗುವುದಿಲ್ಲ ಎಂದುಕೊಂಡೆ, ಸರ್ ಒಂದು ದಿನದೊಳಗೆ ಬದಲಾಗುವುದಿಲ್ಲ ಎಂದುಕೊಂಡರು. ಆದರೆ ಒಂದು ಸಂದೇಹ. ನನ್ನ ಉತ್ತರ ಹೆಚ್ಚಾಗಿ ಬಂದಿತು, ಅವರದು ಕಡಿಮೆಯಾಗಿ ಬಂದಿತು. ತಪ್ಪು ಒಂದೇ ಆಗಿದ್ದರೆ ಹೀಗೇಕೆ?

ಮತ್ತೊಂದು ಪ್ರಶ್ನೆ. ದಿನದ ಲೆಕ್ಕದಲ್ಲೇ ಎಲ್ಲವೂ ಮುಗಿಯುವಾಗ ಪುಸ್ತಕದಲ್ಲಿ ಸೆಕೆಂಡಿನಲ್ಲಿ ಏಕೆ ಕೊಟ್ಟಿದ್ದಾರೆ?

ನಿವೃತ್ತ ಅಧ್ಯಾಪಕಿ

ಒಳ್ಳೆಯ ಪ್ರಶ್ನೆ. ನೀವು 8 ದಿನಗಳ ಎರಡೂ ತುದಿಗಳನ್ನು ಸರಿಯಾಗಿ ಹಿಡಿದು ನಡುವೆ ನೇರಗೆರೆ ಎಳೆದಿರಿ. ಅದು ಜೋಲುವ ರೇಖೆಯ ಮೇಲ್ಗಡೆ ಹೋಗುತ್ತದೆ. ಸಂಖ್ಯಾಪ್ರಿಯ ಅವರು ಒಂದೇ ತುದಿಯನ್ನು ಹಿಡಿದು ಅಲ್ಲಿನ ಇಳಿಜಾರಿನಲ್ಲೇ ನೇರವಾಗಿ ಸಾಗಿದರು. ಅದು ರೇಖೆಯ ಕೆಳಗಡೆ ಹೋಗುತ್ತದೆ. ಕಾಗದದ ಮೇಲೆ ಎರಡನ್ನೂ ಬರೆದು ನೋಡಿದರೆ ಕಣ್ಣಿಗೇ ಕಾಣುತ್ತದೆ.

ಸೆಕೆಂಡು ಬೇಕಾಗುವುದು ಸೆಕೆಂಡಿಗೆ ಎಷ್ಟು ಕ್ಷಯಗಳು ನಡೆಯುತ್ತಿವೆ ಎಂದು ತಿಳಿಯಬೇಕಾದಾಗ, ಅಂದರೆ ಬೆಕೆರೆಲ್ ಲೆಕ್ಕದಲ್ಲಿ. ನಿಮ್ಮ 40 ಮಿಲಿಗ್ರಾಂನಲ್ಲಿ ಸುಮಾರು 1.84 × 10^20 ನ್ಯೂಕ್ಲಿಯಸ್ಸುಗಳಿವೆ. ಅದನ್ನು ಹತ್ತು ಲಕ್ಷದಲ್ಲಿ ಒಂದರಿಂದ ಗುಣಿಸಿದರೆ 1.84 × 10^14 ಬೆಕೆರೆಲ್. ಇದು ಎಷ್ಟು ದೊಡ್ಡದೆಂದರೆ, ಥೈರಾಯ್ಡ್ ಕ್ಯಾನ್ಸರಿನ ಚಿಕಿತ್ಸೆಗೆ ಸಾಮಾನ್ಯವಾಗಿ ಕೊಡುವ 3.7 × 10^9 ಬೆಕೆರೆಲ್ ಪ್ರಮಾಣದ ತೂಕ ಒಂದು ಮೈಕ್ರೋಗ್ರಾಂ ಕೂಡ ಆಗುವುದಿಲ್ಲ. ಪುಸ್ತಕದ ಲೆಕ್ಕದಲ್ಲಿ 40 ಮಿಲಿಗ್ರಾಂ ಎಂದು ಸುಲಭವಾಗಿ ಬರೆದುಬಿಡುತ್ತಾರೆ. ಅಷ್ಟನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ತೂಗಿದರೂ ಮುಚ್ಚಿದ ಸೀಸೆಯ ತೂಕ 20 ದಿನಗಳ ನಂತರವೂ ಅಷ್ಟೇ ಇರುತ್ತದೆ, ಏಕೆಂದರೆ ಹೋದ 32.93 ಮಿಲಿಗ್ರಾಂ ಅಯೋಡಿನ್ ಕ್ಸೆನಾನ್-131 ಅನಿಲವಾಗಿ ಅಲ್ಲೇ ಕುಳಿತಿರುತ್ತದೆ. ಉಳಿಯುವುದು ಎಷ್ಟು ಎಂದು ಕೇಳಿದಾಗ ಉಳಿದ ಅಯೋಡಿನ್ ಎಷ್ಟು ಎಂದೇ ಅರ್ಥ.

ಪ್ರಯೋಗಶಾಲೆಯಿಂದ

ಇಲ್ಲಿಯವರೆಗೆ ಅರ್ಧಾಯು ಗೊತ್ತಿರುವ ಲೆಕ್ಕಗಳು ಬಂದಿವೆ. ನನ್ನದು ಹಿಂದುಮುಂದು. ನಾವು ಸೀಸಿಯಂ-137 ಇರುವ ಪುಟ್ಟ ಕೊಳವೆಯ ಮೂಲಕ ಆಮ್ಲ ಬೆರೆಸಿದ ಉಪ್ಪಿನ ದ್ರಾವಣವನ್ನು ಹಾಯಿಸಿ, ಅದರೊಂದಿಗೆ ಇಳಿದು ಬರುವ ಬೇರಿಯಂ-137ಎಂ ಅನ್ನು ಗೈಗರ್ ಕೌಂಟರಿನಡಿ ಇಟ್ಟು ಎಣಿಸಿದೆವು. ಆರಂಭದಲ್ಲಿ ನಿಮಿಷಕ್ಕೆ 1030 ಎಣಿಕೆಗಳು ಬಂದವು, 10 ನಿಮಿಷಗಳ ನಂತರ 96. ಎರಡರ ಅನುಪಾತದ ಲಘುಗಣಕವನ್ನು 10ರಿಂದ ಭಾಗಿಸಿದರೆ ಕ್ಷಯ ಸ್ಥಿರಾಂಕ ನಿಮಿಷಕ್ಕೆ 0.237, ಅರ್ಧಾಯು 2.92 ನಿಮಿಷ. ಪುಸ್ತಕಗಳಲ್ಲಿ ಇರುವುದು 2.55 ನಿಮಿಷ. ಲೆಕ್ಕವನ್ನು ಮೂರು ಬಾರಿ ನೋಡಿದ್ದೇನೆ, ಏಕಮಾನದಲ್ಲೂ ತಪ್ಪಿಲ್ಲ.

ಸಂಖ್ಯಾಪ್ರಿಯ

ಮಾದರಿಯನ್ನು ಇಡುವ ಮೊದಲು ಕೌಂಟರ್ ಏನು ತೋರಿಸುತ್ತಿತ್ತು? ಬರಿದಾಗಿದ್ದಾಗಲೂ ಅದು ಏನಾದರೂ ಎಣಿಸುತ್ತಲೇ ಇರುತ್ತದೆ.

ಪ್ರಯೋಗಶಾಲೆಯಿಂದ

ನಿಮಿಷಕ್ಕೆ 30 ಎಂದು ಬರೆದಿಟ್ಟಿದ್ದೇವೆ. 1030ರ ಮುಂದೆ ಅದು ಚಿಕ್ಕದು ಎಂದು ಕಳೆಯಲಿಲ್ಲ.

ಸಂಖ್ಯಾಪ್ರಿಯ

1030ರ ಮುಂದೆ ಚಿಕ್ಕದು ನಿಜ, ಆದರೆ 96ರ ಮುಂದೆ ಅದು ಮೂರನೆಯ ಒಂದು ಭಾಗ. ಎರಡರಿಂದಲೂ 30 ಕಳೆದರೆ 1000 ಮತ್ತು 66 ಉಳಿಯುತ್ತವೆ.

```
lambda = ln(1000/66) / 10 = 0.272 (ಪ್ರತಿ ನಿಮಿಷಕ್ಕೆ)
T = 0.693 / 0.272 = 2.55 ನಿಮಿಷ
```

ಹಿನ್ನೆಲೆಯ ಎಣಿಕೆ ಕಾಲಕ್ರಮದಲ್ಲಿ ಕಡಿಮೆಯಾಗುವುದಿಲ್ಲ. ಅದನ್ನು ಕಳೆಯದೆ ಬಿಟ್ಟರೆ ವಸ್ತು ನಿಧಾನವಾಗಿ ಕ್ಷಯಿಸುತ್ತಿರುವಂತೆ ಕಾಣುತ್ತದೆ, ಅರ್ಧಾಯು ಉದ್ದವಾಗಿ ಬರುತ್ತದೆ.

ನಿವೃತ್ತ ಅಧ್ಯಾಪಕಿ

ಸಂಖ್ಯಾಪ್ರಿಯ ಅವರು ಸರಿಯಾಗಿ ಹಿಡಿದಿದ್ದಾರೆ. ಎರಡೇ ಎಣಿಕೆಗಳನ್ನು ನಂಬದೆ ನಡುವಿನ ಎಲ್ಲ ಎಣಿಕೆಗಳ ಲಘುಗಣಕವನ್ನು ಕಾಲದ ಎದುರು ಗುರುತಿಸಿದರೆ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಒಂದೇ ವಸ್ತು ಕ್ಷಯಿಸುತ್ತಿದ್ದರೆ ಬಿಂದುಗಳು ನೇರಗೆರೆಯಲ್ಲಿ ಇಳಿಯಬೇಕು, ಅದರ ಇಳಿಜಾರೇ ಕ್ಷಯ ಸ್ಥಿರಾಂಕ. ಕೊನೆಯ ಬಿಂದುಗಳು ಗೆರೆಯನ್ನು ಬಿಟ್ಟು ಮೇಲಕ್ಕೆ ಮಗ್ಗುಲಾಗುತ್ತಿದ್ದರೆ, ಕ್ಷಯಿಸದೆ ಉಳಿದಿರುವ ಏನೋ ಒಂದು ಎಣಿಕೆಯಲ್ಲಿ ಸೇರಿದೆ ಎಂದು ತಿಳಿಯಬೇಕು.

ಪ್ರಯೋಗಶಾಲೆಯಿಂದ

ನಡುವಿನ ಎಣಿಕೆಗಳನ್ನೂ ಹಾಕಿ ನೋಡಿದೆ, ಕೊನೆಯ ಬಿಂದುಗಳು ನೀವು ಹೇಳಿದಂತೆಯೇ ಮೇಲಕ್ಕೆ ಬಾಗಿವೆ. 30 ಕಳೆದ ಮೇಲೆ ಬಹುಮಟ್ಟಿಗೆ ನೆಟ್ಟಗಾದವು. ಆದರೆ ಇನ್ನೊಂದು ಸಂಗತಿ. ಅರ್ಧ ಗಂಟೆಯ ನಂತರ ಒಂದು ನಿಮಿಷ ಎಣಿಸಿದಾಗ 37 ಬಂದಿತ್ತು, 30 ಅಲ್ಲ. ಅಷ್ಟು ಹೊತ್ತಿಗೆ ಬೇರಿಯಂ ಉಳಿದಿರಲು ಸಾಧ್ಯವಿಲ್ಲ. ಕೊಳವೆಯಿಂದ ಸ್ವಲ್ಪ ಸೀಸಿಯಂ ಕೂಡ ದ್ರಾವಣದೊಂದಿಗೆ ಇಳಿದಿರಬಹುದೇ? ಹಾಗಿದ್ದರೆ ನಾನು 30ರ ಬದಲು 37ನ್ನು ಕಳೆಯಬೇಕಲ್ಲವೇ? ಹಾಗೆ ಮಾಡಿದರೆ ಅರ್ಧಾಯು 2.46 ನಿಮಿಷ ಬರುತ್ತದೆ.

ನಿವೃತ್ತ ಅಧ್ಯಾಪಕಿ

ಸೀಸಿಯಂ ಇಳಿದಿರುವ ಸಾಧ್ಯತೆ ಇದೆ. ಅದರ ಅರ್ಧಾಯು ಸುಮಾರು 30 ವರ್ಷಗಳಾದ್ದರಿಂದ ನಿಮ್ಮ ಪ್ರಯೋಗದ ಅವಧಿಯಲ್ಲಿ ಅದು ಬದಲಾಗದ ಹಿನ್ನೆಲೆಯಂತೆಯೇ ವರ್ತಿಸುತ್ತದೆ. ಆದರೆ 37 ಎಂಬ ಒಂದೇ ಎಣಿಕೆಯಿಂದ ಹಾಗೆಂದು ತೀರ್ಮಾನಿಸಲು ಬರುವುದಿಲ್ಲ. ಕ್ಷಯ ಯಾದೃಚ್ಛಿಕವಾದದ್ದು, ಸರಾಸರಿ 30 ಇರುವಲ್ಲಿ ಒಂದೊಂದು ನಿಮಿಷದ ಎಣಿಕೆ ಅದರ ವರ್ಗಮೂಲದಷ್ಟು, ಅಂದರೆ ಐದೂವರೆಯಷ್ಟು, ಆಚೀಚೆ ಆಗುವುದು ಸಹಜ. 37 ಅದಕ್ಕಿಂತ ಸ್ವಲ್ಪವೇ ಹೊರಗಿದೆ. ಹಾಗೆಯೇ 96ರಲ್ಲಿ ಸುಮಾರು 10ರಷ್ಟು ಅನಿಶ್ಚಿತತೆ ಇದೆ, ಅದು ನಿಮ್ಮ ಅರ್ಧಾಯುವಿನಲ್ಲಿ 0.14 ನಿಮಿಷದಷ್ಟಾಗುತ್ತದೆ. ಹೀಗಿರುವಾಗ 2.55 ಮತ್ತು 2.46 ಎರಡರಲ್ಲಿ ಯಾವುದು ಮೇಲು ಎಂದು ಈ ಎಣಿಕೆಗಳು ಹೇಳಲಾರವು. 2.55 ಪುಸ್ತಕದ ಸಂಖ್ಯೆಗೆ ಸರಿಯಾಗಿ ಹೊಂದಿಕೊಂಡದ್ದರಲ್ಲಿ ಸ್ವಲ್ಪ ಅದೃಷ್ಟವೂ ಇದೆ. ಆ ದ್ರಾವಣವನ್ನು ಇನ್ನೂ ತೆಗೆದಿಟ್ಟಿದ್ದರೆ ಅದನ್ನು ಹತ್ತು ನಿಮಿಷ, ಬರಿಯ ಕೌಂಟರನ್ನು ಹತ್ತು ನಿಮಿಷ ಎಣಿಸಿ ನೋಡಿ.

ಪ್ರಯೋಗಶಾಲೆಯಿಂದ

ದ್ರಾವಣವನ್ನು ವಿಲೇವಾರಿಗೆ ಕಳುಹಿಸಿಬಿಟ್ಟಿದ್ದಾರೆ ಮೇಡಂ. ಮುಂದಿನ ಬಾರಿ ಮಾಡಿದಾಗ ಎಣಿಸಿ ಇಲ್ಲಿ ಬರೆಯುತ್ತೇನೆ.

ಮಿತಾಕ್ಷರಿ

ಮೊದಲ ಲೆಕ್ಕಕ್ಕೆ ಒಂದು ಆಕ್ಷೇಪ. ಅಯೋಡಿನ್-131ರ ಅರ್ಧಾಯು 8 ದಿನಗಳಲ್ಲ, 8.02 ದಿನಗಳು. ಅದನ್ನು ಇಟ್ಟರೆ ಉತ್ತರ 7.10. ಆದ್ದರಿಂದ 7.07 ಕೂಡ ಸರಿಯಲ್ಲ.

ಸಂಖ್ಯಾಪ್ರಿಯ

ಪ್ರಶ್ನೆಯಲ್ಲಿ 8 ಎಂದು ಕೊಟ್ಟಿರುವಾಗ 8ನ್ನೇ ಬಳಸಬೇಕು. ಪ್ರಶ್ನೆಪತ್ರಿಕೆಯ ಸಂಖ್ಯೆಯನ್ನು ನಾವು ತಿದ್ದಲಾಗುವುದಿಲ್ಲ.

ಮಿತಾಕ್ಷರಿ

ಹಾಗಾದರೆ ಉತ್ತರವನ್ನು ಸುಮಾರು 7 ಎಂದು ಬರೆಯಬೇಕು. 8 ಎಂಬ ಒಂದು ಅಂಕಿಯಿಂದ 7.07 ಎಂಬ ಮೂರು ಅಂಕಿಗಳ ನಿಖರತೆ ಬರುವುದಿಲ್ಲ.

ನಿವೃತ್ತ ಅಧ್ಯಾಪಕಿ

ಇದರಲ್ಲಿ ನನ್ನ ಮನಸ್ಸು ಎರಡೂ ಕಡೆಗಿದೆ. ಪರೀಕ್ಷೆಯಲ್ಲಿ ಕೊಟ್ಟ ಸಂಖ್ಯೆಯನ್ನು ಬಳಸುವುದೇ ಕ್ರಮ. ಆದರೆ ನಿಜವಾದ ಕೆಲಸದಲ್ಲಿ ಮಿತಾಕ್ಷರಿಯವರ ಎಚ್ಚರಿಕೆ ಬೇಕಾಗುತ್ತದೆ, ಏಕೆಂದರೆ ಅರ್ಧಾಯುವಿನ ಚಿಕ್ಕ ತಪ್ಪು ಕಾಲ ಕಳೆದಂತೆ ದೊಡ್ಡದಾಗುತ್ತ ಹೋಗುತ್ತದೆ. 20 ದಿನಗಳಿಗೆ 8 ಮತ್ತು 8.02ರ ನಡುವಿನ ವ್ಯತ್ಯಾಸ ಉತ್ತರದಲ್ಲಿ ಶೇಕಡಾ ಅರ್ಧವೂ ಇಲ್ಲ. 80 ದಿನಗಳಿಗೆ ಅದೇ ವ್ಯತ್ಯಾಸ ಶೇಕಡಾ 1.7ರಷ್ಟಾಗುತ್ತದೆ.

ಸಂಖ್ಯಾಪ್ರಿಯ

80 ದಿನಗಳಲ್ಲಿ ಉಳಿಯುವುದೇ ಸಾವಿರದಲ್ಲಿ ಒಂದು ಭಾಗ. ಅದರ ಶೇಕಡಾ 1.7 ಯಾರಿಗೆ ಬೇಕು?

ಮಿತಾಕ್ಷರಿ

ಅದನ್ನು ಅಳೆಯುವವರಿಗೆ ಬೇಕು.

ಓದುತ್ತಿರುವವಳು

ಎಲ್ಲರಿಗೂ ಧನ್ಯವಾದಗಳು. ಮುಂದಿನ ಲೆಕ್ಕವನ್ನು ನಾನೇ ಮಾಡಿ ನೋಡಿದೆ, ಸರಿಯೇ ಎಂದು ತಿಳಿಸಿ. ಅದೇ 40 ಮಿಲಿಗ್ರಾಂ 1 ಮಿಲಿಗ್ರಾಂಗೆ ಇಳಿಯಲು ಎಷ್ಟು ದಿನ ಬೇಕು ಎಂದು ಕೇಳಿದ್ದಾರೆ. ಮೊದಲು ಅಂದಾಜು ಹಾಕಿದೆ: ಐದು ಅರ್ಧಾಯುಗಳಲ್ಲಿ 1.25 ಉಳಿಯುತ್ತದೆ, ಆರರಲ್ಲಿ 0.625, ಆದ್ದರಿಂದ ಉತ್ತರ 40 ಮತ್ತು 48 ದಿನಗಳ ನಡುವೆ ಇರಬೇಕು. ನಂತರ 40ರ ನೈಸರ್ಗಿಕ ಲಘುಗಣಕ 3.689ನ್ನು 0.0866ರಿಂದ ಭಾಗಿಸಿದೆ, 42.6 ದಿನಗಳು ಬಂದಿತು. ಇಲ್ಲೂ ಹಳೆಯ ಅಭ್ಯಾಸದಂತೆ ನೇರಗೆರೆ ಎಳೆದು ನೋಡಿದೆ, 43.2 ಬಂದಿತು, ಮತ್ತೆ ಹೆಚ್ಚು.

ನಿವೃತ್ತ ಅಧ್ಯಾಪಕಿ

42.6 ಸರಿಯಾಗಿದೆ. 8.02 ಇಟ್ಟರೆ 42.7, ಮಿತಾಕ್ಷರಿಯವರು ಕೇಳುವ ಮೊದಲೇ ಹೇಳಿಬಿಡುತ್ತೇನೆ.